ಕಲರಿಮೀಟರ್ 1.57 ತೋರಿಸಿದರೆ ಎಷ್ಟು ನಂಬಬೇಕು? ಬಾವಿ ನೀರಿನ ಕಬ್ಬಿಣ ಅಳೆಯುವವರಿಗೆ ಒಂದು ಮಾರ್ಗದರ್ಶಿ

ಅಂಕೋಲಾ, ಕುಮಟಾ, ಹೊನ್ನಾವರ ಕಡೆ ಚಿರೇಕಲ್ಲಿನ ನೆಲದಲ್ಲಿ ಬಾವಿ ತೋಡಿದವರಿಗೆ ಈ ನೀರು ಗೊತ್ತು. ಸೇದುವಾಗ ತಿಳಿಯಾಗಿರುತ್ತದೆ, ಕೊಡದಲ್ಲಿ ಒಂದು ರಾತ್ರಿ ನಿಂತರೆ ತಳದಲ್ಲಿ ಕೆಂಪು ಗಸಿ ಕೂರುತ್ತದೆ. ಬಿಳಿ ಪಂಚೆ ನಾಲ್ಕು ಒಗೆತಕ್ಕೆ ಹಳದಿಯಾಗುತ್ತದೆ. ನೀರಿನಲ್ಲಿ ಕರಗಿರುವ ಕಬ್ಬಿಣ ಗಾಳಿ ತಾಗಿ ತುಕ್ಕಾಗುವುದರಿಂದ ಹೀಗಾಗುತ್ತದೆ. ಎಷ್ಟು ಕಬ್ಬಿಣವಿದೆ ಎಂದು ತಿಳಿಯಲು ಕಾರವಾರದಿಂದ ಶಿರಸಿಯವರೆಗೆ ಕಾಲೇಜುಗಳಲ್ಲಿ, ಚಿಕ್ಕ ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಕೈಗೆ ಸಿಗುವ ಉಪಕರಣ ಕಲರಿಮೀಟರ್. ನೀರಿಗೆ ಬಣ್ಣ ಬರಿಸಿ, ಕ್ಯುವೆಟ್ ಎಂಬ ಚಿಕ್ಕ ಪಾರದರ್ಶಕ ನಳಿಗೆಗೆ ಸುರಿದು, ಗುಂಡಿ ಒತ್ತಿದರೆ ಅಬ್ಸಾರ್ಬೆನ್ಸ್ ಎಂಬ ಅಂಕಿ ಬರುತ್ತದೆ.

ಅಂಕಿ ಬರುವುದು ಸುಲಭ. ಆದರೆ ಬಣ್ಣ ಕಡುವಾದಷ್ಟೂ ಆ ಅಂಕಿ ಮಾದರಿಯ ವಿಷಯ ಹೇಳುವುದನ್ನು ಬಿಟ್ಟು ಯಂತ್ರದ ವಿಷಯ ಹೇಳತೊಡಗುತ್ತದೆ. ಪರದೆ ಮಾತ್ರ ಅದೇ ಮೂರು ದಶಮಾಂಶದ ಗತ್ತಿನಲ್ಲಿ ಹೊಳೆಯುತ್ತಿರುತ್ತದೆ. ನಿಮ್ಮ ಯಂತ್ರದಲ್ಲಿ ಈ ಬದಲಾವಣೆ ಎಲ್ಲಿ ಶುರುವಾಗುತ್ತದೆ ಎಂದು ಕಂಡುಹಿಡಿಯುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಯಂತ್ರ ಅಳೆಯುವುದು ಬೆಳಕನ್ನು, ಬಣ್ಣವನ್ನಲ್ಲ

ಕಲರಿಮೀಟರಿನ ಒಳಗೆ ಒಂದು ಬಲ್ಬ್ ಅಥವಾ ಎಲ್‌ಇಡಿ, ಒಂದು ಫಿಲ್ಟರ್, ಕ್ಯುವೆಟ್ ಕೂರುವ ಗೂಡು, ಅದರ ಆಚೆಗೆ ಬೆಳಕನ್ನು ಗ್ರಹಿಸುವ ಡಿಟೆಕ್ಟರ್ ಇರುತ್ತವೆ. ಡಿಟೆಕ್ಟರಿಗೆ ಗೊತ್ತಾಗುವುದು ಎಷ್ಟು ಬೆಳಕು ಬಿತ್ತು ಎಂಬುದಷ್ಟೇ. ಬ್ಲ್ಯಾಂಕ್, ಅಂದರೆ ಕಬ್ಬಿಣವಿಲ್ಲದ ದ್ರಾವಣ, ಇಟ್ಟಾಗ ಬಿದ್ದ ಬೆಳಕನ್ನು ಪೂರ್ಣ ಎಂದು ಇಟ್ಟುಕೊಂಡರೆ, ಮಾದರಿ ಇಟ್ಟಾಗ ಅದರಲ್ಲಿ ಎಷ್ಟು ಪಾಲು ದಾಟಿ ಬಂತು ಎಂಬುದು T. ಅದರಿಂದ ಅಬ್ಸಾರ್ಬೆನ್ಸ್ ಲೆಕ್ಕ ಹಾಕುವುದು ಹೀಗೆ:

```
A = -log10(T)
```

ನೂರರಲ್ಲಿ ಹತ್ತು ಪಾಲು ಬೆಳಕು ದಾಟಿದರೆ A ಒಂದು, ಒಂದೇ ಪಾಲು ದಾಟಿದರೆ ಎರಡು, ಸಾವಿರದಲ್ಲಿ ಒಂದು ಪಾಲು ದಾಟಿದರೆ ಮೂರು. ಅಂದರೆ A ಎರಡು ಇರುವ ಮಾದರಿಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಬೆಳಕು ಆಗಲೇ ಮುಗಿದಿರುತ್ತದೆ. ಡಿಟೆಕ್ಟರ್ ಉಳಿದ ಒಂದು ಪಾಲನ್ನು ನೋಡಿಕೊಂಡು ತೀರ್ಪು ಕೊಡಬೇಕು.

ಈಗ ಯಂತ್ರಕ್ಕೆ ಬೆಳಕನ್ನು ಓದುವುದರಲ್ಲಿ ನೂರಕ್ಕೆ ಅರ್ಧ ಪಾಲಿನಷ್ಟು ತಪ್ಪು ಆಗುತ್ತದೆ ಎಂದುಕೊಳ್ಳಿ. ವೋಲ್ಟೇಜ್ ಏರಿಳಿತ, ಬಲ್ಬ್ ಬಿಸಿಯಾಗುವುದು, ಕ್ಯುವೆಟ್ ಕೂದಲೆಳೆಯಷ್ಟು ವಾಲಿ ಕೂರುವುದು, ಇವೆಲ್ಲ ಸೇರಿದರೆ ಹಳೆಯ ಯಂತ್ರದಲ್ಲಿ ಇದು ಹೆಚ್ಚೇನೂ ಅಲ್ಲ. ನಲವತ್ತು ಪಾಲು ಬೆಳಕು ದಾಟುವ ಮಾದರಿಯಲ್ಲಿ ಈ ತಪ್ಪು A ಯನ್ನು 0.393 ಮತ್ತು 0.403ರ ನಡುವೆ ಅಲ್ಲಾಡಿಸುತ್ತದೆ. ಯಾರೂ ಚಿಂತಿಸಬೇಕಿಲ್ಲ. ಒಂದು ಪಾಲು ದಾಟುವ ಮಾದರಿಯಲ್ಲಿ ಅದೇ ತಪ್ಪು A ಯನ್ನು 1.82ರಿಂದ 2.30ರವರೆಗೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಯಂತ್ರ ಕೆಟ್ಟಿಲ್ಲ, ತಪ್ಪು ದೊಡ್ಡದಾಗಿಲ್ಲ. ಅಳೆಯಬೇಕಾದ ಬೆಳಕು ಚಿಕ್ಕದಾಗಿದೆ, ಅಷ್ಟೇ.

"ಸರ್, ಮೀಟರಿನಲ್ಲೇ ಎರಡರವರೆಗೆ ಅಂಕಿ ಇದೆಯಲ್ಲ, ಹಾಗಾದರೆ ಎರಡರವರೆಗೂ ಅಳೆಯಬಹುದಲ್ಲವೇ?" ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ದೇವಿಮನೆ ಘಟ್ಟ ಇಳಿಯುವ ಬಸ್ಸಿನ ಸ್ಪೀಡೋಮೀಟರಿನಲ್ಲೂ 120 ಎಂದು ಬರೆದಿರುತ್ತದೆ ಎನ್ನುವುದು ನನ್ನ ಉತ್ತರ.

ಬಣ್ಣ ಬರಿಸುವುದು

ಇದು ಹೆಚ್ಚಿನವರಿಗೆ ಗೊತ್ತಿರುವ ಕೆಲಸ, ಹಾಗಾಗಿ ಬೇಗ ಹೇಳಿ ಮುಗಿಸುತ್ತೇನೆ. ಗಸಿಯೂ ಸೇರಿ ಒಟ್ಟು ಕಬ್ಬಿಣ ಬೇಕಾದರೆ ಬಾಟಲಿಯನ್ನು ಚೆನ್ನಾಗಿ ಕುಲುಕಿ 50 ಮಿ.ಲೀ. ನೀರು ತೆಗೆದುಕೊಂಡು, 1 ಮಿ.ಲೀ. ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ, ಗಾಳಿಯಾಡುವ ಕಡೆ ಸಣ್ಣ ಉರಿಯಲ್ಲಿ ಅರ್ಧಕ್ಕಿಂತ ಕಡಿಮೆಯಾಗುವವರೆಗೆ ಕುದಿಸಿ, ಆರಿಸಿ, ಭಟ್ಟಿ ಇಳಿಸಿದ ನೀರಿನಿಂದ ಮತ್ತೆ 50ಕ್ಕೆ ತನ್ನಿ. ತಳದಲ್ಲಿ ಕೆಂಪು ಉಳಿದಿರಬಾರದು.

ಈ ದ್ರಾವಣದಿಂದ 10 ಮಿ.ಲೀ. ಅನ್ನು 25 ಮಿ.ಲೀ. ಫ್ಲಾಸ್ಕಿಗೆ ಪಿಪೆಟ್ ಮಾಡಿ. ಮೊದಲು ಶೇ. 10ರ ಹೈಡ್ರಾಕ್ಸಿಲಮೈನ್ ಹೈಡ್ರೋಕ್ಲೋರೈಡ್ 1 ಮಿ.ಲೀ., ಆಮೇಲೆ ಶೇ. 0.1ರ ಫೆನಾಂತ್ರೊಲಿನ್ 5 ಮಿ.ಲೀ., ಕೊನೆಗೆ ಶೇ. 10ರ ಸೋಡಿಯಂ ಅಸಿಟೇಟ್ 5 ಮಿ.ಲೀ. ಹಾಕಿ ಗುರುತಿನವರೆಗೆ ನೀರು ತುಂಬಿಸಿ. ಕಾಲು ಗಂಟೆ ಬಿಡಿ. ಕಿತ್ತಳೆ ಕೆಂಪು ಬಣ್ಣ ಬರುತ್ತದೆ. ಪಿಎಚ್ ಕಾಗದದಲ್ಲಿ 3ರಿಂದ 5ರ ನಡುವೆ ಇದೆಯೇ ನೋಡಿ. ಆಮ್ಲ ಜಾಸ್ತಿ ಉಳಿದಿದ್ದರೆ ಬಣ್ಣ ನಿಧಾನವಾಗಿ ಬರುತ್ತದೆ, ಅಸಿಟೇಟ್ ಇನ್ನಷ್ಟು ಬೇಕಾಗುತ್ತದೆ.

ಈ ಬಣ್ಣ ಅತಿ ಹೆಚ್ಚು ಹೀರುವುದು 510 ನ್ಯಾನೋಮೀಟರಿನ ಬೆಳಕನ್ನು. ನಿಮ್ಮ ಯಂತ್ರದಲ್ಲಿ 500, 520 ಅಥವಾ 530 ಎಂದು ಬರೆದ ಫಿಲ್ಟರ್ ಇದ್ದರೆ ಅದನ್ನೇ ಹಾಕಿ. ಸ್ಟ್ಯಾಂಡರ್ಡಿಗೆ 0.702 ಗ್ರಾಂ ಫೆರಸ್ ಅಮೋನಿಯಂ ಸಲ್ಫೇಟನ್ನು ಸ್ವಲ್ಪ ಸಾರಯುಕ್ತ ಗಂಧಕಾಮ್ಲ ಬೆರೆಸಿದ ನೀರಿನಲ್ಲಿ ಕರಗಿಸಿ ಒಂದು ಲೀಟರ್ ಮಾಡಿದರೆ ಲೀಟರಿಗೆ 100 ಮಿ.ಗ್ರಾಂ ಕಬ್ಬಿಣದ ದ್ರಾವಣವಾಗುತ್ತದೆ. ಅದನ್ನು ತೆಳುಗೊಳಿಸಿ 2, 4, 6, 8 ಮಿ.ಗ್ರಾಂ ಸ್ಟ್ಯಾಂಡರ್ಡ್ ಮಾಡಿಕೊಂಡು ಮಾದರಿಯ ಹಾಗೆಯೇ ಬಣ್ಣ ಬರಿಸಿ. ಬ್ಲ್ಯಾಂಕಿಗೂ ಎಲ್ಲ ರಾಸಾಯನಿಕಗಳು ಬೀಳಬೇಕು, ಕಬ್ಬಿಣ ಮಾತ್ರ ಇರಬಾರದು.

ಮೊದಲ ತಪಾಸಣೆ: ಕ್ಯುವೆಟ್ಟುಗಳು ಜೋಡಿಯೇ?

ಪೆಟ್ಟಿಗೆಯಲ್ಲಿ ನಾಲ್ಕು ಕ್ಯುವೆಟ್ ಇದ್ದರೆ ನಾಲ್ಕೂ ಒಂದೇ ಎಂದು ತಿಳಿಯುವುದು ಸಹಜ. ಒಂದು ಒಡೆದಾಗ ಬೇರೆ ಕಡೆಯಿಂದ ತಂದು ಸೇರಿಸಿರುತ್ತಾರೆ, ಇನ್ನೊಂದನ್ನು ಯಾರೋ ಬ್ರಷ್ ಹಾಕಿ ಉಜ್ಜಿರುತ್ತಾರೆ. ದುಂಡು ಗಾಜಿನ ನಳಿಗೆಯಾದರೆ ಒಳಗಿನ ಅಗಲವೇ ಒಂದಕ್ಕೊಂದು ಬೇರೆಯಾಗಿರಬಹುದು.

ಇಲ್ಲಿ ಎರಡು ಬಗೆಯ ವ್ಯತ್ಯಾಸಗಳಿವೆ, ಅವನ್ನು ಬೇರೆ ಬೇರೆಯಾಗಿಯೇ ಹಿಡಿಯಬೇಕು. ಗೀರು, ಮಸುಕು, ಗಾಜಿನ ಬಣ್ಣ, ಇವು ಒಳಗೆ ಏನೇ ಇರಲಿ ಒಂದೇ ಪ್ರಮಾಣದ ಅಬ್ಸಾರ್ಬೆನ್ಸನ್ನು ಕೂಡಿಸುತ್ತವೆ. ಕ್ಯುವೆಟ್ಟಿನ ಒಳ ಅಗಲ ಹೆಚ್ಚಿದ್ದರೆ ಹಾಗಲ್ಲ. ಬೆಳಕು ಬಣ್ಣದ ನೀರಿನೊಳಗೆ ಹೆಚ್ಚು ದೂರ ಹಾಯುವುದರಿಂದ ಅಬ್ಸಾರ್ಬೆನ್ಸ್ ಅದೇ ಅನುಪಾತದಲ್ಲಿ ಗುಣಿಸಿ ಏರುತ್ತದೆ. ಬರಿ ನೀರು ತುಂಬಿ ನೋಡಿದರೆ ಮೊದಲನೆಯದು ಮಾತ್ರ ಕಾಣುತ್ತದೆ. ಎರಡನೆಯದು ಬಣ್ಣ ತುಂಬಿದಾಗಲೇ ಹೊರಬೀಳುವುದು. ಬಹಳ ಕಡೆ ನೀರಿನ ತಪಾಸಣೆಗೇ ನಿಲ್ಲಿಸಿಬಿಡುತ್ತಾರೆ, ಅದು ಅರ್ಧ ಕೆಲಸ.

ಕ್ರಮ ಹೀಗೆ. ಎರಡು ಕ್ಯುವೆಟ್‌ಗಳ ಮೇಲಂಚಿಗೆ, ಬೆಳಕು ಹಾಯದ ಜಾಗದಲ್ಲಿ, ಕ ಮತ್ತು ಖ ಎಂದು ಗುರುತು ಹಾಕಿ. ಗೂಡಿನಲ್ಲಿ ಯಾವ ಮುಖ ಬಲ್ಬಿನ ಕಡೆಗೆ ಇರಬೇಕೆಂದೂ ಒಂದು ಗೆರೆ ಎಳೆಯಿರಿ. ಎರಡಕ್ಕೂ ಭಟ್ಟಿ ಇಳಿಸಿದ ನೀರು ತುಂಬಿ, ಹೊರಮೈ ಒರೆಸಿ, ಕ ಇಟ್ಟು ಸೊನ್ನೆ ಮಾಡಿ, ಖ ಇಟ್ಟು ಓದಿ. ಖ 0.018 ತೋರಿಸಿತು ಎನ್ನೋಣ. ಈಗ ಒಂದೇ ಫ್ಲಾಸ್ಕಿನ ಬಣ್ಣದ ದ್ರಾವಣವನ್ನು ಎರಡಕ್ಕೂ ತುಂಬಿ ಓದಿ. ಕ 0.430, ಖ 0.461 ಬಂದರೆ, ಖ ದಿಂದ ಆ 0.018 ಕಳೆಯಿರಿ, 0.443 ಉಳಿಯುತ್ತದೆ. 0.443 ಅನ್ನು 0.430ರಿಂದ ಭಾಗಿಸಿದರೆ 1.03. ಅಂದರೆ ಖ ಒಳಗೆ ಬೆಳಕಿನ ದಾರಿ ಸುಮಾರು ಶೇ. 3ರಷ್ಟು ಉದ್ದವಾಗಿದೆ.

ಈ ಎರಡು ದೋಷಗಳು ಕಾಡುವುದು ಬೇರೆ ಬೇರೆ ಕಡೆ. ನಮ್ಮ ವಿಧಾನದಲ್ಲಿ ಲೀಟರಿಗೆ ಒಂದು ಮಿ.ಗ್ರಾಂ ಕಬ್ಬಿಣಕ್ಕೆ ಅಬ್ಸಾರ್ಬೆನ್ಸ್ ಸುಮಾರು 0.08 ಏರುತ್ತದೆ. 0.018 ಎಂದರೆ ಹತ್ತಿರ ಹತ್ತಿರ ಕಾಲು ಮಿ.ಗ್ರಾಂ ಕಬ್ಬಿಣ. ನೀರಿನಲ್ಲಿ ಇರುವುದೇ 0.3 ಮಿ.ಗ್ರಾಂ ಆಗಿದ್ದರೆ ಗೀರು ಬಿದ್ದ ಗಾಜು ಅದನ್ನು ಹೆಚ್ಚುಕಡಿಮೆ ಎರಡು ಪಟ್ಟು ಮಾಡುತ್ತದೆ. ಎಂಟು ಮಿ.ಗ್ರಾಂ ಇರುವ ನೀರಿಗೆ ಆ ಕಾಲು ಮಿ.ಗ್ರಾಂ ದೊಡ್ಡದಲ್ಲ. ಅಗಲದ ದೋಷ ಮಾತ್ರ ಎಲ್ಲ ಕಡೆಯೂ ಶೇ. 3ರಂತೆ ಹಿಂಬಾಲಿಸುತ್ತದೆ.

ತಿದ್ದುವ ಲೆಕ್ಕ ಹಾಕಬಹುದು. ಆದರೆ ಒಂದೇ ಕ್ಯುವೆಟ್ಟಿನಲ್ಲಿ ಬ್ಲ್ಯಾಂಕ್, ಸ್ಟ್ಯಾಂಡರ್ಡ್, ಮಾದರಿ ಎಲ್ಲವನ್ನೂ ಓದುವುದನ್ನೇ ನಾನು ಇಷ್ಟಪಡುತ್ತೇನೆ. ತೆಳು ಬಣ್ಣದಿಂದ ಕಡು ಬಣ್ಣದ ಕಡೆಗೆ ಹೋಗಿ, ಪ್ರತಿ ಸಲವೂ ಮುಂದಿನ ದ್ರಾವಣದಿಂದಲೇ ಎರಡು ಬಾರಿ ಗಲಬರಿಸಿ ಚೆಲ್ಲಿ. ಸ್ವಲ್ಪ ನಿಧಾನವಾದರೂ ಜೋಡಿಯ ಪ್ರಶ್ನೆಯೇ ಏಳುವುದಿಲ್ಲ.

ಎರಡನೆಯ ತಪಾಸಣೆ: ಬರಬಾರದ ಬೆಳಕು

ಮಾದರಿಯ ಬಣ್ಣ ಹೀರಬೇಕಾದ ಬೆಳಕಲ್ಲದೆ ಬೇರೆ ಯಾವುದೇ ಬೆಳಕು ಡಿಟೆಕ್ಟರಿಗೆ ತಲುಪಿದರೆ ಅದನ್ನು ಸ್ಟ್ರೇ ಲೈಟ್ ಎನ್ನುತ್ತಾರೆ. ಇಲ್ಲಿ ಅಡ್ಡಬೆಳಕು ಎಂದು ಕರೆಯುತ್ತೇನೆ. ಬ್ಲ್ಯಾಂಕ್ ಇಟ್ಟಾಗ ಬರುವ ಬೆಳಕಿಗೆ ಹೋಲಿಸಿದರೆ ಅದರ ಪಾಲು s ಎಂದಿಟ್ಟುಕೊಂಡರೆ ಪರದೆಯ ಮೇಲೆ ಕಾಣುವುದು ಇದು:

```
A_obs = -log10((T + s) / (1 + s))
```

s ನೂರಕ್ಕೆ ಒಂದು ಇರುವ ಯಂತ್ರವನ್ನು ತೆಗೆದುಕೊಳ್ಳಿ. ನಿಜವಾದ A 0.5 ಇದ್ದರೆ ಪರದೆ 0.49 ತೋರಿಸುತ್ತದೆ. ನಿಜ ಒಂದಾದರೆ 0.96. ನಿಜ ಎರಡಾದರೆ 1.70. ನಿಜ ಮೂರಾದರೆ 1.96. ಮಾದರಿ ಎಷ್ಟೇ ಕಪ್ಪಾಗಲಿ, ಪರದೆ ಸುಮಾರು 2.00 ದಾಟುವುದೇ ಇಲ್ಲ. ಏಕೆಂದರೆ ಮಾದರಿಯ ಮೂಲಕ ಬರುವ ಬೆಳಕು ಶೂನ್ಯವಾದರೂ ಆ ಒಂದು ಪಾಲು ಅಡ್ಡಬೆಳಕು ಬರುತ್ತಲೇ ಇರುತ್ತದೆ. ಅಡ್ಡಬೆಳಕು ಯಾವಾಗಲೂ ಓದನ್ನು ಕೆಳಗೆ ಎಳೆಯುತ್ತದೆ, ಅದೂ ಮೇಲೆ ಹೋದಷ್ಟೂ ಹೆಚ್ಚು ಎಳೆಯುತ್ತದೆ. ಅದಕ್ಕೇ ಸ್ಟ್ಯಾಂಡರ್ಡಿನ ಗೆರೆ ಮೊದಲು ನೆಟ್ಟಗೆ ಏರಿ ಆಮೇಲೆ ಬಗ್ಗುವುದು.

ಈ ಬೆಳಕು ಬರುವುದು ಎರಡು ದಾರಿಯಲ್ಲಿ. ಮೊದಲನೆಯದು ಕೋಣೆಯ ಬೆಳಕು. ಗೂಡಿನ ಮುಚ್ಚಳ ಸಡಿಲವಾಗಿದ್ದರೆ, ಉದ್ದ ನಳಿಗೆ ಮುಚ್ಚಳದಿಂದ ಹೊರಗೆ ಇಣುಕುತ್ತಿದ್ದರೆ ಅದು ಒಳಗೆ ನುಗ್ಗುತ್ತದೆ. ಇದನ್ನು ಹಿಡಿಯುವುದು ಸುಲಭ: ಕಡು ಬಣ್ಣದ ಮಾದರಿ ಇಟ್ಟು ಓದಿ, ಯಂತ್ರದ ಮೇಲೆ ದಪ್ಪ ಕಪ್ಪು ಬಟ್ಟೆ ಹೊದಿಸಿ ಮತ್ತೆ ಓದಿ. ಅಂಕಿ ಏರಿದರೆ ಬೆಳಕು ಸೋರುತ್ತಿದೆ. ಕಡಲ ಕಡೆಗೆ ಕಿಟಕಿ ಇರುವ ಕೋಣೆಯಲ್ಲಿ ಮಧ್ಯಾಹ್ನದ ಮೇಲೆ ಇದು ಜೋರು. ಯಂತ್ರವನ್ನು ಗೋಡೆಯ ಕಡೆಗೆ ತಿರುಗಿಸಿ ಇಡುವುದೇ ಮೊದಲ ಮದ್ದು.

ಎರಡನೆಯದು ಫಿಲ್ಟರಿನದೇ ಸೋರಿಕೆ. ಹಸಿರು ಫಿಲ್ಟರ್ ಹಸಿರನ್ನು ಮಾತ್ರ ಬಿಡಬೇಕು, ಆದರೆ ಬಣ್ಣದ ಗಾಜಿನ ಅಥವಾ ಜೆಲಾಟಿನಿನ ಅಗ್ಗದ ಫಿಲ್ಟರುಗಳು ಕಡುಗೆಂಪನ್ನೂ, ಅದರಾಚೆಗಿನ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನೂ ಸ್ವಲ್ಪ ಬಿಡುತ್ತವೆ. ಟಂಗ್‌ಸ್ಟನ್ ಬಲ್ಬಿನಿಂದ ಹೊರಡುವುದರಲ್ಲಿ ಅವಕೆಂಪೇ ಹೆಚ್ಚು, ಸಿಲಿಕಾನ್ ಡಿಟೆಕ್ಟರಿಗೂ ಅದೇ ಹೆಚ್ಚು ಪ್ರೀತಿ. ಹೀಗೆ ಎರಡೂ ತುದಿಯಲ್ಲಿ ಅವಕೆಂಪಿಗೆ ಅನುಕೂಲವಿರುವಾಗ ಫಿಲ್ಟರಿನ ಚಿಕ್ಕ ಸೋರಿಕೆ ದೊಡ್ಡದಾಗುತ್ತದೆ. ಎಲ್‌ಇಡಿ ಯಂತ್ರಗಳಲ್ಲಿ ಈ ತೊಂದರೆ ಬಹಳ ಕಡಿಮೆ.

ಈ ಸೋರಿಕೆಯನ್ನು ಕಪ್ಪು ರಟ್ಟು ಅಡ್ಡ ಇಟ್ಟು ಹಿಡಿಯಲು ಹೋಗುವವರು ಮೋಸ ಹೋಗುತ್ತಾರೆ. ರಟ್ಟು ಹಸಿರನ್ನೂ ತಡೆಯುತ್ತದೆ, ಕೆಂಪನ್ನೂ ತಡೆಯುತ್ತದೆ. ಯಂತ್ರ ಸರಿಯಾಗಿ 'ಪೂರ್ಣ ಕತ್ತಲು' ಎನ್ನುತ್ತದೆ, ನೀವು ಯಂತ್ರ ಚೆನ್ನಾಗಿದೆ ಎಂದು ಬರೆದುಕೊಳ್ಳುತ್ತೀರಿ. ಬೇಕಾಗಿರುವುದು ಹಸಿರನ್ನು ಪೂರ್ತಿ ನುಂಗಿ ಕೆಂಪನ್ನು ಆರಾಮಾಗಿ ಬಿಡುವ ವಸ್ತು. ಪೊಟ್ಯಾಸಿಯಂ ಪರ್ಮಾಂಗನೇಟ್ ಅಂಥದ್ದು.

ಲೀಟರಿಗೆ ಅರ್ಧ ಗ್ರಾಂ ಪರ್ಮಾಂಗನೇಟ್ ಹಾಕಿದ ಕಡು ನೇರಳೆ ದ್ರಾವಣ ಮಾಡಿ. ಒಂದು ಸೆಂಟಿಮೀಟರ್ ಕ್ಯುವೆಟ್ಟಿನಲ್ಲಿ ಹಸಿರು ಬೆಳಕಿಗೆ ಇದರ ನಿಜವಾದ ಅಬ್ಸಾರ್ಬೆನ್ಸ್ ಏಳರ ಮೇಲಿದೆ, ಅಂದರೆ ಹಸಿರು ಒಂದಿಷ್ಟೂ ದಾಟುವುದಿಲ್ಲ ಎಂದೇ ಲೆಕ್ಕ. ನೀರಿನಿಂದ ಸೊನ್ನೆ ಮಾಡಿ, ಕಪ್ಪು ಬಟ್ಟೆ ಹೊದಿಸಿಯೇ ಇದನ್ನು ಓದಿ. ಆಮೇಲೆ ಇದನ್ನು ಅರ್ಧಕ್ಕೆ ತೆಳುಗೊಳಿಸಿ ಮತ್ತೆ ಓದಿ. ಎರಡೂ ಸಲ ಹೆಚ್ಚುಕಡಿಮೆ ಒಂದೇ ಅಂಕಿ ಬಂದರೆ ಅದೇ ನಿಮ್ಮ ಯಂತ್ರದ ಚಾವಣಿ. ಚಾವಣಿ 2.0 ಬಂದರೆ ಅಡ್ಡಬೆಳಕು ಶೇ. 1. 1.7 ಬಂದರೆ ಶೇ. 2. 2.5 ಬಂದರೆ ಶೇ. 0.3, ಒಳ್ಳೆಯ ಯಂತ್ರ. ಪರದೆ ಅಳತೆ ಮೀರಿತು ಎಂದು ಸೂಚಿಸಿದರೆ ಚಾವಣಿ ಪರದೆಗಿಂತ ಮೇಲಿದೆ.

ಚಾವಣಿ ಗೊತ್ತಾದ ಮೇಲೆ ಬಳಸಲು ಒಂದು ಅಂದಾಜು ಸೂತ್ರವಿದೆ. ಚಾವಣಿಗಿಂತ ಪೂರಾ ಒಂದು ಕೆಳಗಿನ ಅಬ್ಸಾರ್ಬೆನ್ಸಿನಲ್ಲಿ ಓದು ಸುಮಾರು 0.03ರಿಂದ 0.04ರಷ್ಟು ಕಡಿಮೆ ಬರುತ್ತದೆ. 2.0 ಚಾವಣಿಯ ಯಂತ್ರದಲ್ಲಿ ಒಂದರ ಹತ್ತಿರ ಶೇ. 4ರಷ್ಟು ತಪ್ಪು ಎಂದಾಯಿತು. ಇಷ್ಟು ತಪ್ಪು ಒಪ್ಪಿಗೆಯಾದರೆ ಅಲ್ಲಿಯವರೆಗೆ ಹೋಗಿ. ನನ್ನ ಮಟ್ಟಿಗೆ ಹಳೆಯ ಫಿಲ್ಟರ್ ಯಂತ್ರಗಳಲ್ಲಿ 0.1ರಿಂದ 0.7ರ ನಡುವಿನ ಓದನ್ನಷ್ಟೇ ವರದಿಗೆ ಹಾಕುತ್ತೇನೆ.

ಪರ್ಮಾಂಗನೇಟ್ ಕ್ಯುವೆಟ್ಟಿನಲ್ಲಿ ಕಂದು ಕಲೆ ಬಿಡುತ್ತದೆ. ಬ್ರಷ್ ಹಾಕಬೇಡಿ. ತೆಳು ಆಕ್ಸಾಲಿಕ್ ಆಮ್ಲ ತುಂಬಿ ಸ್ವಲ್ಪ ಹೊತ್ತು ಬಿಟ್ಟರೆ ಕರಗಿ ಹೋಗುತ್ತದೆ.

ಕೆಂಪು ಗಸಿಯ ಒಂದು ಮಾದರಿ, ಲೆಕ್ಕದ ಸಮೇತ

ಅಡ್ಡಬೆಳಕು ಶೇ. 1 ಇರುವ ಯಂತ್ರದಲ್ಲಿ ಕೊಳವೆಬಾವಿಯ ಒಂದು ಮಾದರಿಯನ್ನು ಅಳೆಯೋಣ. ತೊಟ್ಟಿಯ ತಳದಿಂದ ಗಸಿ ಸಮೇತ ತಂದ ನೀರು, ಆಮ್ಲದಲ್ಲಿ ಕರಗಿಸಿ ಬಣ್ಣ ಬರಿಸಿದ್ದಾಗಿದೆ. ಇದರಲ್ಲಿ ಲೀಟರಿಗೆ 22 ಮಿ.ಗ್ರಾಂ ಕಬ್ಬಿಣವಿದೆ ಎಂದು ಓದುಗರಿಗೆ ಮೊದಲೇ ಹೇಳಿಬಿಡುತ್ತೇನೆ. ಅಳೆಯುವವರಿಗೆ ಅದು ಗೊತ್ತಿಲ್ಲ.

ಸ್ಟ್ಯಾಂಡರ್ಡುಗಳ ಓದು ಹೀಗೆ ಬರುತ್ತದೆ: 2 ಮಿ.ಗ್ರಾಂಗೆ 0.158, 4ಕ್ಕೆ 0.315, 6ಕ್ಕೆ 0.471, 8ಕ್ಕೆ 0.626. ಗ್ರಾಫಿನ ಮೇಲೆ ಇಟ್ಟರೆ ನೆಟ್ಟಗೆ ಕಾಣುತ್ತದೆ, ಮಿ.ಗ್ರಾಂಗೆ 0.0785ರ ಇಳಿಜಾರು. ಯಾರಿಗೂ ಸಂಶಯ ಬರುವುದಿಲ್ಲ. ಮಾದರಿ 1.567 ತೋರಿಸುತ್ತದೆ. ಗೆರೆಯನ್ನು ಅಡಿಪಟ್ಟಿ ಇಟ್ಟು ಮೇಲಕ್ಕೆ ಎಳೆದು, ಅಥವಾ 1.567 ಅನ್ನು 0.0785ರಿಂದ ಭಾಗಿಸಿ, ಲೀಟರಿಗೆ 20.0 ಮಿ.ಗ್ರಾಂ ಎಂದು ಬರೆದರೆ ಕೆಲಸ ಮುಗಿದಂತೆ ಕಾಣುತ್ತದೆ. ಎರಡು ಮಿ.ಗ್ರಾಂ ಕಬ್ಬಿಣ ಎಲ್ಲಿ ಹೋಯಿತು ಎಂದು ಕೇಳುವವರಿಲ್ಲ. ಮೂರು ಬಾರಿ ಓದಿದರೂ ಅದೇ 1.567ರ ಸುತ್ತಮುತ್ತ ಬರುವುದರಿಂದ ನಂಬಿಕೆ ಇನ್ನೂ ಗಟ್ಟಿಯಾಗುತ್ತದೆ. ಅಡ್ಡಬೆಳಕಿನ ತಪ್ಪು ಅಲ್ಲಾಡುವ ತಪ್ಪಲ್ಲ, ಪ್ರತಿ ಸಲವೂ ಒಂದೇ ಕಡೆಗೆ ಒಂದೇ ಅಳತೆಯಲ್ಲಿ ಎಳೆಯುತ್ತದೆ. ಮತ್ತೆ ಮತ್ತೆ ಓದಿ ಸರಾಸರಿ ತೆಗೆಯುವುದರಿಂದ ಇದು ಹೋಗದು.

ಇದನ್ನು ಬಯಲಿಗೆ ತರುವುದು ತೆಳುಗೊಳಿಸುವಿಕೆ. ಆಮ್ಲದಲ್ಲಿ ಕರಗಿಸಿದ ಅದೇ ಮಾದರಿಯಿಂದ 25 ಮಿ.ಲೀ. ತೆಗೆದು 100 ಮಿ.ಲೀ. ಫ್ಲಾಸ್ಕಿನಲ್ಲಿ ಗುರುತಿನವರೆಗೆ ನೀರು ತುಂಬಿ. ಅದರಿಂದ 10 ಮಿ.ಲೀ. ತೆಗೆದುಕೊಂಡು ಮತ್ತೆ ಮೊದಲಿನಿಂದ ಬಣ್ಣ ಬರಿಸಿ. ಈಗ ಓದು 0.432. ಭಾಗಿಸಿದರೆ 5.5, ನಾಲ್ಕರಿಂದ ಗುಣಿಸಿದರೆ 22.0. ಒಂದೇ ನೀರು, ಒಂದೇ ಯಂತ್ರ, ಎರಡು ಉತ್ತರ. ಇಂಥ ಸಂದರ್ಭದಲ್ಲಿ ತೆಳುಗೊಳಿಸಿದ್ದನ್ನು ನಂಬಬೇಕು, ಏಕೆಂದರೆ ಅದರ ಓದು ಸ್ಟ್ಯಾಂಡರ್ಡುಗಳ ನಡುವೆ ಬಿದ್ದಿದೆ. ಅಲ್ಲಿಯೂ ಅಡ್ಡಬೆಳಕು ಇದೆ, ಆದರೆ ಸ್ಟ್ಯಾಂಡರ್ಡುಗಳ ಮೇಲೂ ಅಷ್ಟೇ ಇದ್ದು ಎರಡೂ ಕಡೆ ಹೊಡೆದುಹೋಗುತ್ತದೆ. ಗೆರೆಯನ್ನು ಕೊನೆಯ ಸ್ಟ್ಯಾಂಡರ್ಡಿನಿಂದ ಆಚೆಗೆ ಎಳೆದಾಗ ಈ ಹೊಂದಾಣಿಕೆ ತಪ್ಪುತ್ತದೆ.

ಹಾಗಾದರೆ 12, 16, 20 ಮಿ.ಗ್ರಾಂ ಸ್ಟ್ಯಾಂಡರ್ಡನ್ನೂ ಮಾಡಿ ಬಗ್ಗಿದ ಗೆರೆಯಿಂದಲೇ ಓದಿದರಾಗದೇ ಎಂದು ಕೆಲವರು ಕೇಳುತ್ತಾರೆ. ಅವುಗಳ ಓದು 0.926, 1.209, 1.459 ಬರುತ್ತದೆ. ಬಗ್ಗಿದ ಗೆರೆ ಆ ದಿನಕ್ಕೆ ಸುಳ್ಳು ಹೇಳುವುದಿಲ್ಲ. ಆದರೆ ಮೇಲೆ ಹೋದಂತೆ ಗೆರೆ ಮಲಗುತ್ತದೆ. ಮೊದಲ 4 ಮಿ.ಗ್ರಾಂಗೆ 0.315 ಏರಿದ ಓದು 16ರಿಂದ 20ಕ್ಕೆ 0.250 ಮಾತ್ರ ಏರುತ್ತದೆ. ಅದೇ ಹೊತ್ತಿಗೆ ಮೇಲೆ ಹೇಳಿದ ಅರ್ಧ ಪಾಲಿನ ಅಲ್ಲಾಟ ದೊಡ್ಡದಾಗುತ್ತದೆ. ಜೊತೆಗೆ ಬಾಗುವಿಕೆ ಬಲ್ಬ್ ಮತ್ತು ಫಿಲ್ಟರಿನ ಸ್ಥಿತಿಯನ್ನು ನೆಚ್ಚಿಕೊಂಡಿರುವುದರಿಂದ ಹೋದ ತಿಂಗಳಿನ ಗೆರೆ ಈ ತಿಂಗಳಿಗೆ ಹೊಂದದು. ಒಂದು ಫ್ಲಾಸ್ಕ್ ಹೆಚ್ಚು ತೊಳೆಯುವುದು ಇದಕ್ಕಿಂತ ಅಗ್ಗ.

ಗೆರೆ ಬಗ್ಗಲು ಅಡ್ಡಬೆಳಕು ಒಂದೇ ಕಾರಣವಲ್ಲ ಎಂಬುದೂ ನೆನಪಿರಲಿ. ಫಿಲ್ಟರ್ ಬಿಡುವ ಬೆಳಕಿನ ಪಟ್ಟಿ ಅಗಲವಾಗಿದ್ದರೆ ಅದರ ಅಂಚಿನ ಬೆಳಕನ್ನು ಮಾದರಿ ಕಡಿಮೆ ಹೀರುತ್ತದೆ, ಪರಿಣಾಮ ಬಹುಮಟ್ಟಿಗೆ ಅಡ್ಡಬೆಳಕಿನಂತೆಯೇ ಇರುತ್ತದೆ. ಪರ್ಮಾಂಗನೇಟ್ ತಪಾಸಣೆಯಲ್ಲಿ ಚಾವಣಿ ಚೆನ್ನಾಗಿದ್ದರೂ ಗೆರೆ ಬಗ್ಗಿದರೆ ಇದನ್ನು ಶಂಕಿಸಿ. ತೆಳುಗೊಳಿಸುವ ತಪಾಸಣೆಯಲ್ಲಿ ಎರಡೂ ಸಿಕ್ಕಿಬೀಳುತ್ತವೆ.

ಬಣ್ಣ ಬರುವ ಮೊದಲು ತೆಳುಗೊಳಿಸಬೇಕೇ, ಬಂದ ಮೇಲೆಯೇ?

ನಾಲ್ಕು ಪಟ್ಟು ತೆಳುಗೊಳಿಸುವಾಗ ಬಣ್ಣ ಬಂದ ದ್ರಾವಣಕ್ಕೇ ಬ್ಲ್ಯಾಂಕ್ ಬೆರೆಸಿದರೆ ಕೆಲಸ ಬೇಗ ಆಗುತ್ತದೆ. ಯಂತ್ರದ ದೋಷ ಮಾತ್ರ ನೋಡಬೇಕಿದ್ದರೆ ಅದು ಸಾಕು. ಆದರೆ ಮೂಲ ನೀರನ್ನೇ ತೆಳುಗೊಳಿಸಿ ಎಂದು ನಾನು ಹೇಳಲು ಕಾರಣ ಫೆನಾಂತ್ರೊಲಿನ್.

ಒಂದು ಕಬ್ಬಿಣದ ಅಯಾನಿಗೆ ಮೂರು ಫೆನಾಂತ್ರೊಲಿನ್ ಅಣುಗಳು ಬೇಕು. ಶೇ. 0.1ರ ದ್ರಾವಣದ ಒಂದು ಮಿ.ಲೀ. ಹಿಡಿಯಬಲ್ಲದ್ದು 0.1 ಮಿ.ಗ್ರಾಂಗಿಂತ ಸ್ವಲ್ಪ ಕಡಿಮೆ ಕಬ್ಬಿಣವನ್ನು. ಐದು ಮಿ.ಲೀ. ಹಾಕಿದಾಗ ನಮ್ಮ 22 ಮಿ.ಗ್ರಾಂ ಮಾದರಿಗೆ ಬೇಕಾದ್ದಕ್ಕಿಂತ ಎರಡು ಪಟ್ಟು ಇರುತ್ತದೆ. ಆದರೆ ಇದು ದುಬಾರಿ ಸಾಮಾನು, ಬಾಟಲಿ ತಳ ಕಾಣುವಾಗ ಐದರ ಜಾಗದಲ್ಲಿ ಒಂದೇ ಮಿ.ಲೀ. ಹಾಕುವ ಉಳಿತಾಯ ಪ್ರಯೋಗಾಲಯಗಳಲ್ಲಿ ಹೊಸದಲ್ಲ. ಆಗ ಲೀಟರಿಗೆ ಒಂಬತ್ತು ಮಿ.ಗ್ರಾಂ ಆಸುಪಾಸಿನಲ್ಲೇ ರಾಸಾಯನಿಕ ಮುಗಿದುಹೋಗುತ್ತದೆ. ಬಣ್ಣ ಅಲ್ಲಿಗೆ ನಿಲ್ಲುತ್ತದೆ, ಕೆಲವೊಮ್ಮೆ ಅದಕ್ಕಿಂತ ಕೆಳಗೇ. 22 ಮಿ.ಗ್ರಾಂ ನೀರು 0.7 ಅಥವಾ ಅದಕ್ಕೂ ಕಡಿಮೆ ತೋರಿಸುತ್ತದೆ. ಓದು ಸುರಕ್ಷಿತ ವಲಯದಲ್ಲೇ ಇದೆ, ಚಾವಣಿಗೆ ಬಹಳ ಕೆಳಗಿದೆ, ಸ್ಟ್ಯಾಂಡರ್ಡುಗಳ ಆಸುಪಾಸಿನಲ್ಲಿದೆ. ಉತ್ತರ ಮಾತ್ರ ಅರ್ಧಕ್ಕಿಂತ ಕಡಿಮೆ.

ಬಣ್ಣ ಬಂದ ಮೇಲೆ ಬ್ಲ್ಯಾಂಕ್ ಬೆರೆಸಿದರೆ ಈ ಕೊರತೆ ನೇರವಾಗಿ ಕಾಣುವುದಿಲ್ಲ. ಬ್ಲ್ಯಾಂಕಿನಲ್ಲೂ ಫೆನಾಂತ್ರೊಲಿನ್ ಇರುವುದರಿಂದ ಬಣ್ಣ ಸ್ವಲ್ಪ ಚೇತರಿಸಿಕೊಂಡು ಓದು ಇನ್ನಷ್ಟು ಗೊಂದಲಕ್ಕೆ ಹಾಕಬಹುದು. ಮೂಲ ನೀರನ್ನೇ ತೆಳುಗೊಳಿಸಿದಾಗ ರಾಸಾಯನಿಕದ ಕೊರತೆ, ಅಡ್ಡಬೆಳಕು, ಅಗಲ ಪಟ್ಟಿಯ ಫಿಲ್ಟರ್ ಮೂರೂ ಒಟ್ಟಿಗೆ ಹೊರಬೀಳುತ್ತವೆ. ನಾಲ್ಕು ಪಟ್ಟು ಮತ್ತು ಎಂಟು ಪಟ್ಟು ತೆಳುಗೊಳಿಸಿದವುಗಳ ಉತ್ತರ ಒಂದಕ್ಕೊಂದು ತಾಳೆಯಾದರೆ ಅಲ್ಲಿಗೆ ನಿಲ್ಲಬಹುದು. ತಾಳೆಯಾಗದಿದ್ದರೆ ಇನ್ನೂ ತೆಳುಗೊಳಿಸಿ. ಓದು 0.1ಕ್ಕಿಂತ ಕೆಳಗೆ ಇಳಿದರೆ ಮಾತ್ರ ಕ್ಯುವೆಟ್ಟಿನ ಗೀರುಗಳ ಕೈಗೆ ಸಿಕ್ಕಿಬೀಳುತ್ತೀರಿ.

ಮಳೆಗಾಲದ ಎರಡು ತೊಂದರೆಗಳು

ಜೂನ್ ಬಂತೆಂದರೆ ಕರಾವಳಿಯ ಗಾಳಿಯಲ್ಲಿ ತೇವ ತುಂಬಿರುತ್ತದೆ. ಫ್ರಿಜ್ಜಿನಿಂದ ತೆಗೆದ ಮಾದರಿಯನ್ನು ಹಾಗೇ ಕ್ಯುವೆಟ್ಟಿಗೆ ಸುರಿದರೆ ಹೊರಮೈ ಮೇಲೆ ಕ್ಷಣದಲ್ಲಿ ಮಂಜು ಕಟ್ಟುತ್ತದೆ. ಮಂಜು ಬೆಳಕನ್ನು ಚೆದುರಿಸಿ ಓದನ್ನು ಏರಿಸುತ್ತದೆ, ಒರೆಸಿದರೂ ಮತ್ತೆ ಕಟ್ಟುತ್ತದೆ. ಓದು ನಿಲ್ಲದೆ ಮೇಲಕ್ಕೆ ತೇಲುತ್ತಿದ್ದರೆ ಮೊದಲು ಇದನ್ನು ನೋಡಿ. ಮಾದರಿ ಕೋಣೆಯ ಬಿಸಿಗೆ ಬರುವವರೆಗೆ ಕಾಯುವುದೊಂದೇ ದಾರಿ.

ಎರಡನೆಯದು ನಿಧಾನವಾಗಿ ಬರುವ ರೋಗ. ತಿಂಗಳುಗಟ್ಟಲೆ ಮುಚ್ಚಿಟ್ಟ ಯಂತ್ರದ ಫಿಲ್ಟರ್ ಮತ್ತು ಮಸೂರಗಳ ಮೇಲೆ ಬೂಷ್ಟು ಬೆಳೆಯುತ್ತದೆ. ಕ್ಯಾಮೆರಾ ಇರುವವರಿಗೆ ಇದು ಗೊತ್ತಿರುತ್ತದೆ. ಬೂಷ್ಟಿನ ಎಳೆಗಳು ಬೆಳಕನ್ನು ಎತ್ತೆತ್ತಲೋ ಚೆಲ್ಲುತ್ತವೆ. ಸೊನ್ನೆ ಮಾಡುವುದಕ್ಕೇ ಯಂತ್ರ ಕಷ್ಟಪಡುತ್ತದೆ, ಚಾವಣಿ ತಗ್ಗುತ್ತದೆ. ಫಿಲ್ಟರನ್ನು ಹೊರತೆಗೆದು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಜೇಡರ ಬಲೆಯಂಥ ಕಲೆ ಕಾಣುತ್ತದೆ. ಗಾಜಿನ ಮೇಲ್ಮೈ ಆದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಮೃದು ಬಟ್ಟೆಯಿಂದ ಒರೆಸಬಹುದು. ಜೆಲಾಟಿನ್ ಫಿಲ್ಟರನ್ನು ಒರೆಸಲು ಹೋಗಬೇಡಿ, ಬದಲಾಯಿಸಿ. ಯಂತ್ರದ ಪ್ಲಾಸ್ಟಿಕ್ ಹೊದಿಕೆಯೊಳಗೆ ಸಿಲಿಕಾ ಜೆಲ್ ಚೀಲ ಇಟ್ಟು, ಅದರ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಇಡಿ. ಬಲ್ಬಿನ ಯಂತ್ರವಾದರೆ ಬಳಸದ ದಿನಗಳಲ್ಲೂ ಆಗಾಗ ಅರ್ಧ ಗಂಟೆ ಉರಿಸಿ, ಒಳಗಿನ ತೇವ ಆರುತ್ತದೆ.

ಪರ್ಮಾಂಗನೇಟ್ ಚಾವಣಿಯನ್ನು ಮೇ ಕೊನೆಯಲ್ಲಿ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ ಓದಿ, ದಿನಾಂಕ, ಫಿಲ್ಟರಿನ ಅಂಕಿ, ಕ್ಯುವೆಟ್ಟಿನ ಗುರುತು ಇವುಗಳ ಜೊತೆಗೆ ದಾಖಲೆ ಪುಸ್ತಕದಲ್ಲಿ ಬರೆಯಿರಿ. ದ್ರಾವಣವನ್ನು ಪ್ರತಿ ಸಲವೂ ಹೊಸದಾಗಿ ಮಾಡಿ, ಹಳೆಯದು ಕಂದುಗಟ್ಟಿರುತ್ತದೆ. ಮೇಯಲ್ಲಿ 2.1 ಇದ್ದದ್ದು ಅಕ್ಟೋಬರಿನಲ್ಲಿ 1.6ಕ್ಕೆ ಬಂದಿದ್ದರೆ ಫಿಲ್ಟರ್ ತೆಗೆದು ನೋಡಿ, ಮತ್ತು ಮಳೆಗಾಲದಲ್ಲಿ ಕೊಟ್ಟ ವರದಿಗಳಲ್ಲಿ 0.6ರ ಮೇಲಿನ ಓದಿನಿಂದ ಬಂದವುಗಳನ್ನು ಮತ್ತೆ ಅಳೆಯಿರಿ.